ಗೊಂಬೆ ಕೊಳ್ಳುವವರು ಯಾರು? ನಮ್ಮ ಮಾರ್ಕೆಟಿಂಗ್ ಪ್ರಾಜೆಕ್ಟ್ ಕಲಿಸಿದ್ದು

ಬಿಬಿಎ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ಐದು ಜನ ಸೇರಿ ಚನ್ನಪಟ್ಟಣದ ಒಂದು ಚಿಕ್ಕ ಗೊಂಬೆ ಅಂಗಡಿಯನ್ನು ಆರಿಸಿಕೊಂಡೆವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಈಗ ಹೆಚ್ಚಿನ ಕಾರುಗಳು ಊರೊಳಗೆ ಬರದೆ ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ. ಮೊದಲು ಮೈಸೂರಿಗೆ ಹೊರಟವರು ಹಳೇ ರಸ್ತೆಯಲ್ಲಿ ಕಾಫಿಗೆ ನಿಲ್ಲಿಸಿ, ಮಕ್ಕಳು ಹಠ ಹಿಡಿದರೆ ಒಂದು ಬುಗುರಿಯನ್ನೋ ಗಿಲಕಿಯನ್ನೋ ಕೊಂಡು ಮುಂದೆ ಹೋಗುತ್ತಿದ್ದರು. ಗೊಂಬೆ ಕೆಟ್ಟಿರಲಿಲ್ಲ, ಬೆಲೆ ಏರಿರಲಿಲ್ಲ. ರಸ್ತೆ ಬದಲಾಗಿತ್ತು, ಅಷ್ಟೇ.

ಗುಂಪಿನಲ್ಲಿ ಕೆಲಸ ಹಂಚಿಕೊಂಡೆವು. ಇಬ್ಬರಿಗೆ ಸ್ಲೈಡ್ ಮತ್ತು ಇನ್‌ಸ್ಟಾಗ್ರಾಮ್ ಪೇಜ್, ಒಬ್ಬಳಿಗೆ ಲೆಕ್ಕ, ನನಗೆ ಸರ್ವೆ. ಐದನೆಯವನು ಮೀಟಿಂಗ್‌ನಲ್ಲಿ ಬಾಯೇ ಬಿಡದ ಹುಡುಗ, ಊರು ಚನ್ನಪಟ್ಟಣದ ಹತ್ತಿರವೇ, ಹಾಗಾಗಿ ಅಂಗಡಿಗೆ ಹೋಗಿ ಬರುವ ಕೆಲಸ ಅವನಿಗೆ ಬಂತು. ನಮ್ಮ ಮೊದಲ ಸ್ಲೈಡ್ ಪ್ರಕಾರ ಗಿರಾಕಿ ಅಂದರೆ ಪ್ಲಾಸ್ಟಿಕ್ ಬೇಡ ಅನ್ನುವ ಬೆಂಗಳೂರಿನ ಯುವ ತಾಯಂದಿರು. ಗೂಗಲ್ ಫಾರ್ಮ್ ಕೂಡ ಅದನ್ನೇ ಹೇಳಿತು. ಮರದ ಗೊಂಬೆ ಕೊಳ್ಳುತ್ತೀರಾ ಎಂದು ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ?

ಬಾಯಿ ಬಿಡದ ಆ ಹುಡುಗ ಶನಿವಾರ, ಭಾನುವಾರ ಅಂಗಡಿಯ ಮೂಲೆಯಲ್ಲಿ ಕೂತು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿದ್ದ: ಬಂದವರು ಯಾರು, ಕೈಗೆ ಏನು ತಗೊಂಡರು, ಏನು ಕೇಳಿದರು, ಏನನ್ನು ವಾಪಸ್ ಇಟ್ಟು ಹೋದರು. ಅದನ್ನು ಓದಿದಾಗ ನಮ್ಮ ಸ್ಲೈಡ್‌ನ ಗಿರಾಕಿ ಅಲ್ಲಿ ಅಪರೂಪ ಅಂತ ತಿಳಿಯಿತು. ಮೊಮ್ಮಗುವಿಗೆ ತಗೊಳ್ಳುವ ಅಜ್ಜಿಯರಿದ್ದರು. ನಾಮಕರಣಕ್ಕೆ, ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಕೊಡಲು ಕುಂಕುಮದ ಭರಣಿ ಹುಡುಕಿ ಬಂದವರಿದ್ದರು. ‘ಐವತ್ತು ಬೇಕು, ಎಲ್ಲಾ ಒಂದೇ ಬಣ್ಣದ್ದು ಸಿಗುತ್ತಾ?’, ‘ಶುಕ್ರವಾರಕ್ಕೆ ಕೊಡ್ತೀರಾ?’ ಇವು ಅವರ ಪ್ರಶ್ನೆಗಳು. ಚಿಕ್ಕ ಮಕ್ಕಳ ಅಪ್ಪ ಅಮ್ಮ ಕೇಳಿದ್ದು ಹೆಚ್ಚಾಗಿ ಒಂದೇ: ‘ಬಾಯಿಗೆ ಹಾಕ್ಕೊಂಡ್ರೆ ಬಣ್ಣ ಬಿಡಲ್ವಾ?’ ಪರಂಪರೆ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಟ್ಯಾಗ್ ಅಂತ ನಾವು ದೊಡ್ಡ ಅಕ್ಷರದಲ್ಲಿ ಬರೆದದ್ದರ ಬಗ್ಗೆ ಆ ನೋಟ್‌ಬುಕ್‌ನಲ್ಲಿ ಒಂದು ಸಾಲೂ ಇರಲಿಲ್ಲ.

ಸ್ಲೈಡ್ ಮಾಡಿದವರಿಗೆ ಬೇಜಾರಾಯಿತು, ಅದು ಸಹಜವೇ, ರಾತ್ರಿ ನಿದ್ದೆ ಬಿಟ್ಟು ಮಾಡಿದ ಕೆಲಸ ಅದು. ಮಾತು ಸ್ವಲ್ಪ ಜೋರೂ ಆಯಿತು. ಜಗಳ ತಣ್ಣಗಾಗಿದ್ದು ಲೆಕ್ಕ ನೋಡುತ್ತಿದ್ದವಳಿಂದ. ಬಿಡಿಯಾಗಿ ಮಾರುವ ಗಿಲಕಿಗಳಿಂದ ಬರುವ ದುಡ್ಡು ಎಷ್ಟು, ತಾಂಬೂಲದ ಒಂದು ಆರ್ಡರ್‌ನಿಂದ ಬರುವುದು ಎಷ್ಟು ಅಂತ ಹಾಳೆಯ ಮೇಲೆ ಪಕ್ಕ ಪಕ್ಕ ಬರೆದು ತೋರಿಸಿದಳು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಕೆಲಸ ಹಂಚಿಕೊಳ್ಳುವುದನ್ನೇ ಟೀಮ್‌ವರ್ಕ್ ಅನ್ನುತ್ತೇವೆ. ನನಗೆ ಈಗ ಅದು ಸಾಲದು ಅನ್ನಿಸುತ್ತದೆ. ಐದು ಜನ ಐದು ಭಾಗ ಬರೆದು ಪಿನ್ ಹೊಡೆದರೆ ರಿಪೋರ್ಟ್ ಆಗುತ್ತದೆ, ಆದರೆ ಒಬ್ಬ ಕಂಡದ್ದು ಉಳಿದ ನಾಲ್ವರ ಕೆಲಸವನ್ನು ಬದಲಿಸದಿದ್ದರೆ ಗುಂಪು ಯಾಕೆ ಬೇಕು? ಮೀಟಿಂಗ್‌ನಲ್ಲಿ ಜಾಸ್ತಿ ಮಾತಾಡುವವರ ಹತ್ತಿರವೇ ಜಾಸ್ತಿ ವಿಷಯ ಇರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವಲ್ವಾ, ಆ ನೋಟ್‌ಬುಕ್ ನೋಡಿದ ಮೇಲೆ ನಾನು ಅದನ್ನು ನಂಬುವುದಿಲ್ಲ.

ಪ್ಲಾನ್ ಬದಲಾಯಿತು. ಇನ್‌ಸ್ಟಾಗ್ರಾಮ್‌ನಲ್ಲಿ ಪರಂಪರೆಯ ಪೋಸ್ಟ್‌ಗಳ ಬದಲು, ಆಲೆ ಮರದ ತುಂಡು ಲೇತ್‌ನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುವುದು, ಆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದು, ಇದರ ವಿಡಿಯೋ ಹಾಕಿದೆವು. ಬಣ್ಣದ ಪ್ರಶ್ನೆಗೆ ಅದೇ ಉತ್ತರದ ಮೊದಲ ಭಾಗ. ಅರಿಶಿನದಂಥ ಸಸ್ಯದ ಬಣ್ಣ ಹಾಕಿದ್ದು ಅಂತ ಮಾಲೀಕರಿಗೆ ಖಾತ್ರಿ ಇದ್ದ ಗೊಂಬೆಗಳಿಗೆ ಮಾತ್ರ ಹಾಗೆಂದು ಚೀಟಿ ಅಂಟಿಸಿದೆವು. ಇದರಲ್ಲಿ ಮಾಲೀಕರು ತುಂಬಾ ಗಟ್ಟಿಯಾಗಿ ನಿಂತರು, ಮಗು ಕಚ್ಚುವ ವಸ್ತು, ಸುಮ್ನೆ ಹೇಳೋಕಾಗಲ್ಲ ಅಂದರು. ತಾಂಬೂಲದ ಆರ್ಡರ್‌ಗೆ ವಾಟ್ಸಾಪ್ ನಂಬರ್ ಇಟ್ಟೆವು. ಅಲ್ಲೂ ಕೆಲಸ ಮಾಡುವವರನ್ನು ಕೇಳದೆ ದಿನಾಂಕ ಒಪ್ಪಬಾರದು, ಸಸ್ಯದ ಬಣ್ಣ ಪ್ರತಿ ಸಲ ಒಂದೇ ಛಾಯೆ ಬರುವುದಿಲ್ಲ ಅಂತ ಮೊದಲೇ ಹೇಳಬೇಕು ಅಂತ ಬರೆದುಕೊಂಡೆವು. ಗಿರಾಕಿಯನ್ನು ಅರ್ಥ ಮಾಡಿಕೊಂಡರೆ ಸಾಲದು, ಅವರಿಗೆ ಮಾತು ಕೊಡುವ ಮುಂಚೆ ಮಾಡುವವರ ಕೈ ಎಷ್ಟು ದೂರ ಹೋಗುತ್ತದೆ ಅಂತಲೂ ಗೊತ್ತಿರಬೇಕು.

ಕೆಲವು ಆರ್ಡರ್ ಬಂದವು, ಖುಷಿಯಾಯಿತು. ಆದರೆ ಬೈಪಾಸ್‌ನಲ್ಲಿ ಹೋಗುವ ಕಾರಿನ ಮಗುವನ್ನು ನಾವು ವಾಪಸ್ ಕರೆತಂದಿಲ್ಲ. ಭರಣಿ ಮಾರಾಟವಾದರೆ ಅಂಗಡಿ ನಡೆಯುತ್ತದೆ, ಗೊಂಬೆ ಮಾರಾಟವಾಗುವುದಿಲ್ಲ. ಮುಂದಿನ ಬ್ಯಾಚ್‌ನವರು ಇದೇ ಅಂಗಡಿ ತಗೊಂಡರೆ ಆ ನೋಟ್‌ಬುಕ್ ಅವರಿಗೆ ಕೊಡುತ್ತೇವೆ. ಈ ಸಲ ಅಂಗಡಿಯಲ್ಲಿ ಅಲ್ಲ, ಎಕ್ಸ್‌ಪ್ರೆಸ್‌ವೇ ಬಿಟ್ಟು ಕಾರುಗಳು ಊಟಕ್ಕೆ ನಿಲ್ಲುವ ಜಾಗಗಳಲ್ಲಿ ಕೂತು ಬರೆಯಲಿ ಅನ್ನುವುದು ನಮ್ಮೈವರ ಆಸೆ.