ಸಂತೆ ಮೊದಲು, ಗೇಟು ಆಮೇಲೆ: ನಮ್ಮ ಪಟ್ಟಣದ ಮಾರುಕಟ್ಟೆಯ ಹುಟ್ಟಿನ ಕುರಿತ ವರದಿ

ಮಾರುಕಟ್ಟೆಯ ಹೆಬ್ಬಾಗಿಲಿನ ಕಲ್ಲಿನಲ್ಲಿ ಒಬ್ಬ ದಾನಿಯ ಹೆಸರಿದೆ, ಒಂದು ಇಸವಿಯಿದೆ, ‘ಸ್ಥಾಪನೆ’ ಎಂಬ ಪದವಿದೆ. ನಮ್ಮ ಕೆಲಸ ಹುಟ್ಟಿಕೊಂಡದ್ದು ಆ ಒಂದು ಪದದಿಂದ. ಕಲ್ಲು ನೆಡುವ ಮೊದಲು ಸುತ್ತಲಿನ ಹಳ್ಳಿಯವರು ಮಡಕೆ, ಹಗ್ಗ, ಚಾಪೆಗಳನ್ನು ಎಲ್ಲಿ ಮಾರುತ್ತಿದ್ದರು? ಈ ಪ್ರಶ್ನೆಯನ್ನು ಹಿಡಿದು ನಾವು ಎಂಟು ಮಂದಿ ಒಂದೂವರೆ ವರ್ಷ ಕಡತಗಳನ್ನು ಓದಿದೆವು; 19 ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡೆವು.

ಮೊದಲು ಕೈಗೆ ಸಿಕ್ಕಿದ್ದು ಪುರಸಭೆಯ ದಾಖಲೆ ಕೋಣೆಯಲ್ಲಿದ್ದ ನೆಲಬಾಡಿಗೆಯ ಪುಸ್ತಕ. ಅದರ ಮೊದಲ ಪುಟದಲ್ಲಿರುವ ಇಸವಿಯೂ ಕಲ್ಲಿನ ಮೇಲಿನ ಇಸವಿಯೂ ಒಂದೇ. ಅಲ್ಲಿಗೆ ವಿಷಯ ಮುಗಿಯಿತು ಎಂದು ನಮ್ಮಲ್ಲಿ ಕೆಲವರು ನಂಬಿದ್ದರು. ಆದರೆ ಆ ಪುಟವನ್ನು ನಿಧಾನವಾಗಿ ಓದಿದಾಗ ಬೇರೆಯೇ ಸಂಗತಿ ಕಂಡಿತು. ಮೊದಲ ದಿನವೇ ಸಾಲುಗಳೆಲ್ಲ ಭರ್ತಿಯಾಗಿವೆ. ಕುಂಬಾರರದು ಒಂದು ಸಾಲು, ನೇಕಾರರದು ಒಂದು, ದನದ ವ್ಯಾಪಾರಕ್ಕೆ ಬಡಗಣ ಮೂಲೆ. ಹೊಸದಾಗಿ ತೆರೆದ ಮಾರುಕಟ್ಟೆಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಒಂದೇ ಬೆಳಿಗ್ಗೆಗೆ ಹೀಗೆ ತೀರ್ಮಾನವಾಗುವುದಿಲ್ಲ. ಬೇರೆಲ್ಲಿಂದಲೋ ಎದ್ದುಬಂದ ಸಂತೆ ತನ್ನ ಹಳೆಯ ಕ್ರಮವನ್ನೂ ಜೊತೆಗೆ ತಂದಿತ್ತು. ಪುಸ್ತಕ ಹೇಳುತ್ತಿರುವುದು ಸಂತೆ ಹುಟ್ಟಿದ ದಿನವನ್ನಲ್ಲ, ಬಾಡಿಗೆ ಹುಟ್ಟಿದ ದಿನವನ್ನು.

ಎಲ್ಲಿಂದ ಎದ್ದುಬಂತು ಎಂಬುದಕ್ಕೆ ಸುಳಿವು ಕೊಟ್ಟದ್ದು ಆ ಪುಸ್ತಕಕ್ಕಿಂತ ಹಳೆಯದಾದ ಸರ್ವೆ ನಕ್ಷೆ. ಇಂದಿನ ಮಾರುಕಟ್ಟೆಯ ಜಾಗ ಅದರಲ್ಲಿ ಬರೀ ಗೋಮಾಳ. ಅಲ್ಲಿಂದ ಅರ್ಧ ಮೈಲಿ ಪಡುವಣಕ್ಕೆ, ಹೊಳೆಯ ದಡದಲ್ಲಿ, ಐದು ಕಾಲುದಾರಿಗಳು ಬಂದು ಕೂಡುತ್ತವೆ. ಅವು ಕೂಡುವಲ್ಲಿ ಮನೆಯಿಲ್ಲ, ಗುಡಿಯಿಲ್ಲ, ಬಾವಿಯೂ ಇಲ್ಲ. ಏನೂ ಇಲ್ಲದ ಕಡೆಗೆ ಐದು ಊರಿನ ಜನ ನಡೆದು ನಡೆದು ದಾರಿ ಸವೆಸುವುದಿಲ್ಲವಲ್ಲ! ಆ ನಕ್ಷೆಯನ್ನು ಹರಡಿಕೊಂಡು ಕುಳಿತ ಸಂಜೆಯನ್ನು ನಾನು ಮರೆಯಲಾರೆ.

ಆಮೇಲೆ ಹಿರಿಯರನ್ನು ಮಾತನಾಡಿಸಿದೆವು. ನಕ್ಷೆಯ ವಿಷಯವನ್ನು ಯಾರಿಗೂ ಮೊದಲೇ ಹೇಳಬಾರದೆಂದು ನಿಯಮ ಮಾಡಿಕೊಂಡಿದ್ದೆವು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು, ‘ನಿಮ್ಮ ಹಿರಿಯರು ಸಂತೆಗೆ ಹೇಗೆ ಹೋಗುತ್ತಿದ್ದರು?’ ಎಂದಷ್ಟೇ ಕೇಳುತ್ತಿದ್ದೆವು. ಏಳು ಮಂದಿ ತಾವಾಗಿಯೇ ಕಡವಿನ ಮಾತೆತ್ತಿದರು. ಸೇತುವೆ ಇರದ ಕಾಲ. ಹೊಳೆ ಏರಿದಾಗ ದೋಣಿ ನಿಲ್ಲುತ್ತಿತ್ತು. ನೀರು ಇಳಿಯುವವರೆಗೆ ಎರಡೂ ದಡದ ಜನ ಮರದಡಿ ಕಾಯುತ್ತಿದ್ದರು. ಕಾಯುತ್ತ ಕುಳಿತವರು ಹೊರೆ ಬಿಚ್ಚಿದರು. ದೋಣಿ ನಡೆಸುತ್ತಿದ್ದ ಮನೆತನದ ಅಜ್ಜ ಒಬ್ಬರು ಆ ಮರಗಳ ಜಾಗವನ್ನು ಕೋಲಿನಿಂದ ತೋರಿಸಿದರು. ನಕ್ಷೆಯಲ್ಲಿ ದಾರಿಗಳು ಕೂಡುವ ಜಾಗವೂ ಅದೇ.

ಎಲ್ಲ ಮಾತಿಗೂ ಒಂದೇ ತೂಕ ಕೊಡಲಾಗದು. ನಾಲ್ವರು ಹೇಳಿದ ಕಥೆ ಪದಕ್ಕೆ ಪದ ಹೊಂದುತ್ತಿತ್ತು. ವಿಚಾರಿಸಿದರೆ, ಹಿಂದೊಮ್ಮೆ ಮಾರುಕಟ್ಟೆಯ ಉತ್ಸವಕ್ಕೆಂದು ಅಚ್ಚಾದ ಸ್ಮರಣ ಸಂಚಿಕೆಯನ್ನು ನಾಲ್ವರೂ ಓದಿದ್ದರು. ಅಚ್ಚಾದದ್ದು ನೆನಪಿನೊಳಗೆ ಮರಳಿ ಸೇರುವ ಈ ಪರಿಯನ್ನು ಮಧ್ಯ ಆಫ್ರಿಕಾದಲ್ಲಿ ಮೌಖಿಕ ಪರಂಪರೆಗಳ ಮೇಲೆ ಕೆಲಸ ಮಾಡಿದ ಬೆಲ್ಜಿಯಂ ಮೂಲದ ಇತಿಹಾಸಕಾರ ಯಾನ್ ವಾನ್ಸಿನಾ ಗುರುತಿಸಿದ್ದಾರೆ. ಅವರು ತೋರಿಸಿದ ಇನ್ನೊಂದು ಸಂಗತಿಯೂ ನಮಗೆ ದಾರಿದೀಪವಾಯಿತು: ಹತ್ತಿರದ ಕಾಲದ ನೆನಪು ದಟ್ಟವಾಗಿರುತ್ತದೆ, ಮೂಲದ ಕಥೆಯೂ ದಟ್ಟವಾಗಿರುತ್ತದೆ, ನಡುವೆ ಒಂದು ಬರಿದು ಇರುತ್ತದೆ, ತಲೆಮಾರು ಸರಿದಂತೆ ಆ ಬರಿದೂ ಮುಂದಕ್ಕೆ ಸರಿಯುತ್ತದೆ. ನಮ್ಮ ಧ್ವನಿಮುದ್ರಣಗಳಲ್ಲೂ ಅಜ್ಜ ಅಜ್ಜಿಯರ ಕಾಲ ಸ್ಪಷ್ಟ, ದಾನಿಯ ಕಥೆ ಸ್ಪಷ್ಟ, ಇವೆರಡರ ನಡುವೆ ಮೌನ. ಆ ಮೌನದಲ್ಲಿ ಮಾತನಾಡಿದ್ದು ದಂಡದ ಪುಸ್ತಕ.

ಈ ಪುಸ್ತಕದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಂಬತ್ತು ದಾಟಿದ ಒಬ್ಬ ಅಜ್ಜಿ, ತಮ್ಮ ಅಜ್ಜಿ ಬುಟ್ಟಿ ಹೆಣೆದು ತಂದು ಹಳೆಯ ದಾರಿಯ ಅಂಚಿನಲ್ಲಿ ಕೂರುತ್ತಿದ್ದರೆಂದೂ ಪೇದೆ ಬಂದಾಗ ಬುಟ್ಟಿಗಳನ್ನು ಎತ್ತಿಕೊಂಡು ಓಡುತ್ತಿದ್ದರೆಂದೂ ಹೇಳಿದರು. ಬಾಡಿಗೆ ಪುಸ್ತಕದಲ್ಲಿ ಹುಡುಕಿದರೆ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಅದನ್ನಷ್ಟೇ ನಂಬಿದ್ದರೆ ಮಾರುಕಟ್ಟೆಯಲ್ಲಿ ಹೆಂಗಸರು ವ್ಯಾಪಾರವನ್ನೇ ಮಾಡಲಿಲ್ಲ ಎಂದು ಬರೆದುಬಿಡುತ್ತಿದ್ದೆವು. ದಂಡದ ಪುಸ್ತಕ ತೆರೆದಾಗ ವಾರವಾರವೂ ಒಂದೇ ಅಪರಾಧ ಕಂಡಿತು: ‘ದಾರಿಯಲ್ಲಿ ಕುಳಿತು ಮಾರಿದ್ದಕ್ಕೆ.’ ದಂಡ ತೆತ್ತವರಲ್ಲಿ ಹೆಚ್ಚಿನವರು ಹೆಂಗಸರೇ. ದಾಖಲೆ ಅವರನ್ನು ವ್ಯಾಪಾರಿಗಳೆಂದು ಕಾಣಲಿಲ್ಲ, ತಪ್ಪಿತಸ್ಥರೆಂದು ಮಾತ್ರ ಕಂಡಿತು. ಇಂಗ್ಲೆಂಡಿನಲ್ಲಿ 1285ರ ಶಾಸನವೊಂದು ಚರ್ಚಿನ ಅಂಗಳದಲ್ಲಿ ಸಂತೆ ನಡೆಸಬಾರದೆಂದು ನಿಷೇಧಿಸಿತು. ಅಲ್ಲಿ ಸಂತೆಗಳು ನಡೆಯುತ್ತಿದ್ದವು ಎಂಬುದಕ್ಕೆ ಆ ನಿಷೇಧವೇ ಸಾಕ್ಷಿ. ಬೇಡವೆಂದ ಬರಹದಲ್ಲಿ ಇದ್ದದ್ದು ಉಳಿದುಕೊಳ್ಳುತ್ತದೆ.

ಅಜ್ಜಿಯ ಮಾತನ್ನು ಬರಹಕ್ಕಿಳಿಸಿ ಅವರಿಗೇ ಓದಿ ಹೇಳಿದೆವು. ಎಲ್ಲರಿಗೂ ಹಾಗೆಯೇ ಓದಿ ಒಪ್ಪಿಗೆ ಪಡೆದಿದ್ದೇವೆ. ‘ಗೇಟಿನ ಹೊರಗೆ ಕೂರುತ್ತಿದ್ದರು’ ಎಂದು ನಾನು ಬರೆದಿದ್ದ ಸಾಲಿಗೆ ಬಂದಾಗ ಅವರು ತಡೆದರು. “ಹೊರಗೆ ಎಲ್ಲಿ ಕೂತರು? ಅವರು ಕೂತಿದ್ದ ಕಾಲಕ್ಕೆ ಗೇಟೇ ಇರಲಿಲ್ಲ. ಗೇಟು ಆಮೇಲೆ ಬಂತು” ಎಂದರು. ಸಾಲನ್ನು ತಿದ್ದಿದೆ. ಈ ವರದಿಯ ಶೀರ್ಷಿಕೆಯನ್ನೂ ಬದಲಿಸಿದೆ.

ದಾನಿಯ ಮನೆತನದವರು ನಮ್ಮನ್ನು ಪ್ರೀತಿಯಿಂದ ಬರಮಾಡಿಕೊಂಡು ತಮ್ಮ ಕಾಗದಗಳನ್ನು ತೋರಿಸಿದರು. ದಾನ ನಿಜ. ಆದರೆ ದಾನಪತ್ರದಲ್ಲಿರುವುದು ಕಲ್ಲಿನ ಕಂಬಗಳ ಚಾವಡಿ ಮತ್ತು ನೀರಿನ ತೊಟ್ಟಿ. ನೆಲ ಊರಿಗೆ ಸೇರಿದ ಗೋಮಾಳವೇ ಆಗಿತ್ತು. ಮಳೆಯಲ್ಲಿ ನೆನೆಯುತ್ತಿದ್ದ ಸಂತೆಗೆ ಸೂರು ಕೊಟ್ಟವರು ಎಂಬ ಗೌರವ ಅವರಿಗೆ ಪೂರ್ತಿಯಾಗಿ ಸಲ್ಲಬೇಕು.

ಉಳಿದದ್ದು ವಾರದ ಜಗಳ. ಸಂತೆ ಮೊದಲಿನಿಂದಲೂ ಗುರುವಾರವೇ ಎಂದು ಹಿರಿಯರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಬಾಡಿಗೆ ಪುಸ್ತಕದ ಮೊದಲ ಆರು ವರ್ಷ ಸೋಮವಾರವೆಂದಿದೆ. ಉತ್ತರ ಸಿಕ್ಕಿದ್ದು ಪುರಸಭೆಯ ನಡಾವಳಿಯಲ್ಲಿ: ನೆರೆಯ ಊರಿನ ಸಂತೆಯೂ ಸೋಮವಾರವೇ ಇದ್ದು, ವ್ಯಾಪಾರಿಗಳು ಎರಡಾಗಿ ಒಡೆದು ಹೋಗುತ್ತಾರೆಂದು ದಿನವನ್ನು ಬದಲಿಸಿದ್ದರು. ಇದು ಬಹಳ ಹಳೆಯ ತಂಟೆ. ಹದಿಮೂರನೆಯ ಶತಮಾನದ ಇಂಗ್ಲಿಷ್ ಕಾನೂನು ಪಂಡಿತ ಬ್ರಾಕ್ಟನ್, ಹೊಸ ಸಂತೆಯು ಹಳೆಯದರಿಂದ ಆರೂ ಮೂರನೇ ಎರಡು ಮೈಲಿಗಿಂತ ಹತ್ತಿರವಿರಬಾರದು ಎಂದಿದ್ದ. ದಿನಕ್ಕೆ 20 ಮೈಲಿಯ ನಡಿಗೆ. ಅದರಲ್ಲಿ ಹೋಗಲು ಒಂದು ಪಾಲು, ವ್ಯಾಪಾರಕ್ಕೆ ಒಂದು ಪಾಲು, ಮರಳಲು ಒಂದು ಪಾಲು ಎಂಬ ಲೆಕ್ಕ. ನಮ್ಮವರು ದೂರವನ್ನು ಬದಲಿಸಲಾಗದೆ ವಾರವನ್ನು ಬದಲಿಸಿದರು.

ಕಲ್ಲನ್ನು ಕೀಳಬೇಕೆಂದು ನಾವು ಕೇಳುತ್ತಿಲ್ಲ. ಅದರ ಪಕ್ಕದಲ್ಲಿ ಕಡವಿನ ಸಂತೆಯನ್ನೂ ದಾರಿಯಲ್ಲಿ ಕುಳಿತ ಹೆಂಗಸರನ್ನೂ ಹೆಸರಿಸುವ ಇನ್ನೊಂದು ಫಲಕ ಬೇಕೆಂದು ಪುರಸಭೆಗೆ ಮನವಿ ಕೊಟ್ಟಿದ್ದೇವೆ. ಧ್ವನಿಮುದ್ರಣಗಳ ಒಂದು ಪ್ರತಿ ಗ್ರಂಥಾಲಯದಲ್ಲಿದೆ, ಇನ್ನೊಂದು ಹೇಳಿದವರ ಮನೆಯಲ್ಲಿದೆ. ದಂಡದ ಪುಸ್ತಕದ ಅಂಚುಗಳು ಪುಡಿಯಾಗುತ್ತಿರುವುದರಿಂದ ಪುಟಪುಟವನ್ನೂ ಚಿತ್ರ ತೆಗೆಯುವ ಕೆಲಸ ನಡೆದಿದೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ರಸೀದಿ, ತೂಕದ ಕಲ್ಲು, ದೋಣಿಯ ಲೆಕ್ಕದ ಚೀಟಿ ಇದ್ದವರು ತೋರಿಸಿದರೆ ಸಾಕು. ಅಲ್ಲಿಯೇ ಚಿತ್ರ ತೆಗೆದುಕೊಂಡು ಹಿಂದಿರುಗಿಸುತ್ತೇವೆ.