ವಿಷಯ: ಹಾಲಿನ ಲೆಕ್ಕದ ಪ್ರಾಜೆಕ್ಟ್ ಸ್ವಲ್ಪ ನೋಡ್ತೀರಾ? ಮುಂದೆ ಏನು ಕಲಿಯಲಿ ಅಂತಲೂ ಕೇಳಬೇಕಿತ್ತು

ಮಂಜುನಾಥ್ ಸರ್, ನಮಸ್ಕಾರ.

ನಾನು ಚೈತ್ರಾ, ತಿಪಟೂರು. ಶೋಭಕ್ಕ ನಿಮ್ಮ ಮೇಲ್ ವಿಳಾಸ ಕೊಟ್ಟು, "ನಮ್ಮ ಮೈದುನ ಬೈಯಲ್ಲ, ಧೈರ್ಯವಾಗಿ ಬರಿ" ಅಂದರು. ನಾನು ಓದಿರುವುದು ಬಿ.ಕಾಂ. ಈಗ ಇಲ್ಲೇ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನಾ ರಾತ್ರಿ ಎರಡು ಗಂಟೆ ಹೊತ್ತು ಪೈಥಾನ್ ಕಲಿಯುತ್ತಿದ್ದೇನೆ. ಒಂದು ಪ್ರಾಜೆಕ್ಟ್ ಮುಗಿಸಿದ್ದೇನೆ, ಕೋಡ್ ಜಿಪ್ ಮಾಡಿ ಈ ಮೇಲ್‌ಗೆ ಸೇರಿಸಿದ್ದೇನೆ. ನನಗೆ ನಿಮ್ಮಿಂದ ಎರಡು ವಿಷಯ ಬೇಕು: ಕೋಡ್ ಬಗ್ಗೆ ಖಡಾಖಂಡಿತ ಅಭಿಪ್ರಾಯ, ಆಮೇಲೆ ಮುಂದಿನ ಒಂದು ವರ್ಷ ಯಾವುದರ ಹಿಂದೆ ಯಾವುದನ್ನು ಕಲಿಯಬೇಕು ಅನ್ನೋ ದಾರಿ.

ಮೊದಲು ಪ್ರಾಜೆಕ್ಟ್. ನಮ್ಮಪ್ಪ ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಬೆಳಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ ಅಂದರೆ ಎಸ್ಎನ್ಎಫ್ ಎಷ್ಟು, ಅದರ ಮೇಲೆ ದರ ಎಷ್ಟು, ಬಟವಾಡೆ ದಿನ ಯಾರಿಗೆ ಎಷ್ಟು ಕೊಡಬೇಕು, ಇಷ್ಟನ್ನು ನನ್ನ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಫ್ಲಾಸ್ಕ್ ಮತ್ತು ಎಸ್‌ಕ್ಯೂಲೈಟ್ ಬಳಸಿದ್ದೇನೆ. ಡೈರಿಯಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಎಲ್ಲವೂ ಒಂದೇ ಲ್ಯಾಪ್‌ಟಾಪ್ ಒಳಗೆ ಓಡುವ ಹಾಗೆ ಇಟ್ಟಿದ್ದೇನೆ. ಸರ್ಕಾರದ ಲೀಟರ್‌ಗೆ ಇಷ್ಟು ಅನ್ನುವ ಪ್ರೋತ್ಸಾಹಧನ ನೇರವಾಗಿ ರೈತರ ಖಾತೆಗೆ ಹೋಗುವುದರಿಂದ ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅಪ್ಪ ಪುಸ್ತಕ ಬರೆಯುವುದನ್ನು ಬಿಟ್ಟಿಲ್ಲ, ಪಕ್ಕದಲ್ಲಿ ಇದನ್ನೂ ತುಂಬಿಸಿ ತಾಳೆ ನೋಡುತ್ತಿದ್ದಾರೆ.

ಓಡಿಸಿ ನೋಡುವುದಕ್ಕೆ ಇಷ್ಟು ಸಾಕು:

```
pip install flask
python seed.py
flask --app app run
```

`seed.py` ಸುಳ್ಳು ಹೆಸರುಗಳನ್ನು ತುಂಬಿಸುತ್ತದೆ. ನಿಜವಾದ ಸದಸ್ಯರ ಲೆಕ್ಕ ಹೊರಗೆ ಹೋಗುವುದು ಸರಿಯಲ್ಲ ಅಂತ ಆ ಡೇಟಾಬೇಸ್ ಕಳಿಸಿಲ್ಲ.

ಇಡೀ ಕೋಡ್ ಓದಲು ಸಮಯ ಸಿಗದಿದ್ದರೆ `billing.py` ಒಂದನ್ನಾದರೂ ನೋಡಿ ಸರ್. ನನ್ನ ತಲೆ ಜಾಸ್ತಿ ಓಡಿರುವುದು ಅಲ್ಲಿಯೇ. ದುಡ್ಡನ್ನು ಫ್ಲೋಟ್‌ನಲ್ಲಿ ಇಡಬಾರದು ಅಂತ ಓದಿದ್ದೆ, ಹಾಗಾಗಿ ಹಣವನ್ನು ಪೈಸೆಯಲ್ಲಿ, ಹಾಲನ್ನು ಮಿಲಿಲೀಟರ್‌ನಲ್ಲಿ, ಎರಡನ್ನೂ ಪೂರ್ಣಾಂಕವಾಗಿಯೇ ಇಟ್ಟಿದ್ದೇನೆ. ಪೈಥಾನ್‌ನ `round(2.5)` 3 ಕೊಡುವುದಿಲ್ಲ, 2 ಕೊಡುತ್ತದೆ. ನಮ್ಮ ಡೈರಿಯಲ್ಲಿ ಅರ್ಧ ಪೈಸೆ ಬಂದರೆ ಮೇಲಕ್ಕೇ ಏರಿಸುವುದು. ಹಾಗಾಗಿ ನಾನೇ ಹೀಗೆ ಬರೆದೆ:

```python
def amount_paise(ml, rate_paise):
    return (ml * rate_paise + 500) // 1000
```

ಲೀಟರ್‌ಗೆ 35.75 ಅಂತ ಇಟ್ಟುಕೊಂಡರೆ 4.25 ಲೀಟರ್‌ಗೆ 151.94 ಬರುತ್ತದೆ. ಅಷ್ಟು ಸರಿ. ಆದರೆ ಪ್ರತಿ ಹೊತ್ತಿನ ಹಾಲಿಗೂ ಹೀಗೆ ಸರಿದೂಗಿಸಿ ಆಮೇಲೆ ಕೂಡುವುದಕ್ಕೂ, ಎಲ್ಲವನ್ನೂ ಕೂಡಿ ಕೊನೆಗೆ ಒಂದೇ ಸಲ ಸರಿದೂಗಿಸುವುದಕ್ಕೂ ಕೆಲವು ಪೈಸೆ ವ್ಯತ್ಯಾಸ ಬರುತ್ತದೆ ಅಲ್ವಾ. ರೈತರ ಕೈಗೆ ಪ್ರತಿ ಹೊತ್ತಿಗೂ ಚೀಟಿ ಹೋಗುತ್ತದೆ, ಅವರು ಆ ಚೀಟಿಗಳನ್ನೇ ಕೂಡಿ ನೋಡುತ್ತಾರೆ, ಆದ್ದರಿಂದ ನಾನು ಮೊದಲನೆಯ ದಾರಿ ಹಿಡಿದೆ. ನೀವು ಕೆಲಸದಲ್ಲಿ ಇಂಥದ್ದನ್ನು ಹೇಗೆ ತೀರ್ಮಾನ ಮಾಡುತ್ತೀರಿ?

ಇನ್ನೊಂದು ಕಡೆ ನಿಜವಾಗಲೂ ಸಿಕ್ಕಿಹಾಕಿಕೊಂಡಿದ್ದೇನೆ. ಸೇವ್ ಬಟನ್ ಎರಡು ಸಲ ಒತ್ತಿದರೆ ಒಂದೇ ಹಾಲು ಎರಡು ಸಲ ಏರಬಾರದು ಅಂತ ಟೇಬಲ್‌ನಲ್ಲಿ ಇದನ್ನು ಹಾಕಿದ್ದೇನೆ:

```sql
UNIQUE (member_id, day, shift)
```

ಆದರೆ ಹಸು, ಎಮ್ಮೆ ಎರಡೂ ಇರುವವರು ಎರಡು ಕ್ಯಾನ್ ತರುತ್ತಾರೆ. ಕೆಲವರ ಮನೆಯಿಂದ ಒಂದು ಕ್ಯಾನ್ ಮೊದಲು ಬಂದು, ಇನ್ನೊಂದು ಅರ್ಧ ಗಂಟೆ ಬಿಟ್ಟು ಬರುತ್ತದೆ. ಈ ನಿಯಮ ಅವರನ್ನೂ ತಡೆಯುತ್ತದೆ. ನಿಯಮ ತೆಗೆದರೆ ಎರಡು ಸಲ ಒತ್ತುವ ತೊಂದರೆ ವಾಪಸ್. ಫಾರ್ಮ್ ತೆರೆದಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಬಿಟ್ಟುಬಿಡುವುದು ಅಂತ ಒಂದು ಯೋಚನೆ ಇದೆ. ಅದು ಸರಿಯಾದ ದಾರಿಯಾ, ಸುಮ್ನೆ ಸುತ್ತು ಹಾಕುತ್ತಿದ್ದೇನಾ? ಹಾಗೇ ಅಪ್ಪ ಮಾರನೇ ದಿನ ಒಂದು ಎಂಟ್ರಿ ತಿದ್ದಿದರೆ ಹಳೆಯ ಸಾಲನ್ನೇ ಬದಲಾಯಿಸಬೇಕಾ? ಮಂಡಿಯ ಲೆಕ್ಕದಲ್ಲಿ ನಾವು ಬರೆದದ್ದನ್ನು ಅಳಿಸುವುದಿಲ್ಲ, ಎದುರಿಗೆ ಇನ್ನೊಂದು ಎಂಟ್ರಿ ಹಾಕುತ್ತೇವೆ. ಇಲ್ಲೂ ಹಾಗೇ ಮಾಡಬೇಕು ಅಂತ ನನ್ನ ಮನಸ್ಸು ಹೇಳುತ್ತದೆ. ದರ ಬದಲಾದರೆ ಹಳೆಯ ಬಿಲ್ ಬದಲಾಗಬಾರದು ಅಂತ ಆವತ್ತಿನ ದರವನ್ನು ಪ್ರತಿ ಸಾಲಿನಲ್ಲೂ ಇಟ್ಟಿರುವುದು ಇದೇ ಕಾರಣಕ್ಕೆ.

ಕನ್ನಡ ಹೆಸರು ಹುಡುಕುವ ಭಾಗವನ್ನು ನಿಮಗೆ ತೋರಿಸುವ ಆಸೆ ಇದೆ. "ಲೋಕೇಶ" ಅಂತ ಹುಡುಕಿದರೆ ಒಂದು ಲೋಕೇಶ ಸಿಗುತ್ತಿತ್ತು, ಇನ್ನೊಂದು ಸಿಗುತ್ತಿರಲಿಲ್ಲ. ಕಣ್ಣಿಗೆ ಎರಡೂ ಒಂದೇ. `len()` ಹಾಕಿದಾಗ ಉದ್ದ ಬೇರೆ ಬೇರೆ ಬಂತು! ಯೂನಿಕೋಡ್‌ನಲ್ಲಿ ಓತ್ವವನ್ನು U+0CCB ಅಂತ ಒಂದೇ ಸಂಕೇತದಲ್ಲೂ ಬರೆಯಬಹುದು, U+0CC6, U+0CC2, U+0CD5 ಅಂತ ಮೂರು ತುಂಡಾಗಿಯೂ ಬರೆಯಬಹುದು. ಒಂದೊಂದು ಕಡೆಯಿಂದ ಬಂದ ಪಟ್ಟಿಯಲ್ಲಿ ಒಂದೊಂದು ಥರ ಇತ್ತು. ಈಗ ಸೇವ್ ಮಾಡುವಾಗಲೂ ಹುಡುಕುವಾಗಲೂ `unicodedata.normalize("NFC", name)` ಹಾಕುತ್ತೇನೆ, ಎಲ್ಲರೂ ಸಿಗುತ್ತಾರೆ. ಅದು ಗೊತ್ತಾದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ ಸರ್. ಈ ಕೆಲಸವನ್ನೇ ಮಾಡಬೇಕು ಅಂತ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ಈಗ ದಾರಿಯ ವಿಷಯ. ನೋಡಿದ ಕಡೆಯೆಲ್ಲ ಉದ್ದುದ್ದ ಪಟ್ಟಿಗಳೇ. ರಿಯಾಕ್ಟ್ ಕಲಿ, ಜಾವಾ ಸ್ಪ್ರಿಂಗ್ ಇದ್ದರೇ ಬೆಂಗಳೂರಲ್ಲಿ ಕೆಲಸ, ಡಾಕರ್ ಇಲ್ಲದಿದ್ದರೆ ಆಗಲ್ಲ, ದಿನಾ ಡೇಟಾ ಸ್ಟ್ರಕ್ಚರ್ ಲೆಕ್ಕ ಬಿಡಿಸು. ಏನು ಸೇರಿಸಬೇಕು ಅಂತ ಎಲ್ಲರೂ ಹೇಳುತ್ತಾರೆ, ಏನು ಬಿಡಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಹತ್ತಿರ ಇರುವುದು ದಿನಕ್ಕೆ ಎರಡು ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ. ನಾನೇ ಒಂದು ಕ್ರಮ ಹಾಕಿಕೊಂಡಿದ್ದೇನೆ, ನೀವು ಬೇಡ ಅನ್ನಿಸಿದ್ದನ್ನು ಹೊಡೆದುಹಾಕಿ ಕಳಿಸಿದರೆ ಸಾಕು. ಮೊದಲು ಗಿಟ್ ಸರಿಯಾಗಿ, ಜೊತೆಗೆ `pytest` ಕಲಿತು ಈ ಬಿಲ್ಲಿಂಗ್ ಕೋಡ್‌ಗೇ ಟೆಸ್ಟ್ ಬರೆಯುವುದು. ಆಮೇಲೆ ಎಸ್‌ಕ್ಯೂಎಲ್ ಆಳವಾಗಿ: ಜಾಯಿನ್, ಇಂಡೆಕ್ಸ್, ಟ್ರಾನ್ಸಾಕ್ಷನ್, ಪೋಸ್ಟ್‌ಗ್ರೆಸ್. ನಂತರ ಲಾಗಿನ್, ಸೆಷನ್, ಎಚ್‌ಟಿಟಿಪಿ ಒಳಗೆ ಹೇಗೆ ನಡೆಯುತ್ತದೆ ಅನ್ನುವುದು. ಜಾವಾಸ್ಕ್ರಿಪ್ಟ್ ಅದಾದ ಮೇಲೆ, ಮೊದಲು ರಿಯಾಕ್ಟ್ ಇಲ್ಲದೇ. ಡೇಟಾ ಸ್ಟ್ರಕ್ಚರ್ ವಾರಕ್ಕೆ ಎರಡು ದಿನ ಪಕ್ಕದಲ್ಲಿ ನಡೆಯಲಿ ಅಂತ. ಜಾಂಗೋಗೆ ಯಾವಾಗ ಹೋಗಬೇಕು, ಅಥವಾ ಹೋಗಲೇಬೇಕಾ ಅನ್ನುವುದು ಮಾತ್ರ ನನಗೆ ಗೊತ್ತಾಗುತ್ತಿಲ್ಲ.

ಒಂದು ವರ್ಷದಲ್ಲಿ ಬ್ಯಾಕೆಂಡ್ ಕೆಲಸಕ್ಕೆ ಅರ್ಜಿ ಹಾಕುವ ಮಟ್ಟಕ್ಕೆ ಬರಬೇಕು ಅಂತಿದ್ದೇನೆ. ಎಂಜಿನಿಯರಿಂಗ್ ಓದಿಲ್ಲ ಅಂತ ಅರ್ಜಿಯನ್ನೇ ಪಕ್ಕಕ್ಕಿಡುವ ಕಂಪನಿಗಳು ಇರುತ್ತವೆ, ಅದು ಗೊತ್ತು. ನೀವು ಹೊಸಬರನ್ನು ಸಂದರ್ಶನ ಮಾಡುತ್ತೀರಿ ಅಂತ ಶೋಭಕ್ಕ ಹೇಳಿದರು. ಬಿ.ಕಾಂ ಓದಿದ ಹುಡುಗಿ ಇಂಥ ಪ್ರಾಜೆಕ್ಟ್ ಹಿಡಿದು ಬಂದರೆ ನೀವು ಮೊದಲು ಏನು ಕೇಳುತ್ತೀರಿ? ಲೆಕ್ಕಪತ್ರದ ಅನುಭವ ಇದೆ ಅಂತ ಹಣಕಾಸು ಸಾಫ್ಟ್‌ವೇರ್ ಮಾಡುವ ಕಡೆ ಹೋಗುವುದು ಒಳ್ಳೆಯದಾ? ಆಗಲ್ಲ ಅನ್ನಿಸಿದರೆ ಅದನ್ನೂ ನೇರವಾಗಿ ಹೇಳಿ, ಬೇಜಾರಾಗಲ್ಲ.

ನಿಮಗೆ ಕೆಲಸ ಜಾಸ್ತಿ ಇರುತ್ತದೆ. ಉದ್ದ ಉತ್ತರ ಬೇಡ, ಕೋಡ್‌ನಲ್ಲಿ ಮೊದಲು ಬದಲಾಯಿಸಬೇಕಾದ ಒಂದು ಜಾಗ ಮತ್ತು ನನ್ನ ಕ್ರಮದಲ್ಲಿ ಹೊಡೆದುಹಾಕಬೇಕಾದದ್ದು, ಇಷ್ಟು ಬರೆದರೂ ನನಗೆ ಒಂದು ತಿಂಗಳ ಕೆಲಸ ಸಿಗುತ್ತದೆ. ಬರೆಯುವುದಕ್ಕಿಂತ ಮಾತಾಡುವುದು ಸುಲಭ ಅನ್ನಿಸಿದರೆ ಭಾನುವಾರ ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡಿ, ನನ್ನ ನಂಬರ್ ಶೋಭಕ್ಕನ ಹತ್ತಿರ ಇದೆ. ಹಬ್ಬಕ್ಕೆ ಊರಿಗೆ ಬಂದಾಗ ಅಂದರೂ ಸರಿ, ಲ್ಯಾಪ್‌ಟಾಪ್ ಹಿಡಿದು ನಾನೇ ಮನೆಗೆ ಬರುತ್ತೇನೆ.

ಇಂತಿ,
ಚೈತ್ರಾ

(ಮರೆತಿದ್ದೆ: ಪೈಥಾನ್ 3.12ರಲ್ಲಿ ಓಡಿಸಿ ನೋಡಿದ್ದೇನೆ. ಲಾಗಿನ್ ಇನ್ನೂ ಇಲ್ಲ, `http://127.0.0.1:5000` ತೆರೆದರೆ ನೇರವಾಗಿ ಎಂಟ್ರಿ ಪುಟ ಬರುತ್ತದೆ.)