ಬೆಳಿಗ್ಗೆ 9:12, ಮೆಜೆಸ್ಟಿಕ್ ಮೆಟ್ರೋ

9:12

ಅಶ್ವಿನಿ: ದೀಪಾ
ಅಶ್ವಿನಿ: ಮತ್ತೆ ಪ್ಯಾನಿಕ್ ಅಟ್ಯಾಕ್ ಶುರುವಾಯ್ತು
ಅಶ್ವಿನಿ: ಉಸಿರು ಸಿಗ್ತಿಲ್ಲ

ದೀಪಾ: ಇದ್ದೇನೆ. ಫೋನ್ ಕೈಯಲ್ಲೇ ಇದೆ.
ದೀಪಾ: ಎಲ್ಲಿದ್ದೀಯ?

ಅಶ್ವಿನಿ: ಮೆಜೆಸ್ಟಿಕ್. ಗ್ರೀನ್ ಲೈನ್. ತುಂಬಾ ಜನ

ದೀಪಾ: ಸರಿ. ಈ ಟ್ರೇನ್ ಹೋಗಲಿ ಬಿಡು.
ದೀಪಾ: ಹಳದಿ ಗೆರೆಯಿಂದ ಹಿಂದೆ ಬಾ. ಗೋಡೆ ಹತ್ತಿರ ಹೋಗು.
ದೀಪಾ: ಕುರ್ಚಿ ಇಲ್ಲದಿದ್ದರೆ ನೆಲದ ಮೇಲೇ ಕೂತುಕೋ. ಯಾರು ನೋಡಿದರೂ ನೋಡಲಿ.

9:14

ಅಶ್ವಿನಿ: ಕೂತೆ
ಅಶ್ವಿನಿ: ಎದೆ ಹೊಡ್ಕೊಳ್ತಿದೆ. ಸತ್ತೇ ಹೋಗ್ತೀನಿ ಅನ್ಸತ್ತೆ

ದೀಪಾ: ಹೂಂ. ಹೋದ ಸಲವೂ ಹಾಗೇ ಅನ್ನಿಸಿತ್ತು ನಿನಗೆ.
ದೀಪಾ: ಒಂದೇ ಪ್ರಶ್ನೆ. ಹೋದ ಸಲದ ಥರವೇ ಇದೆಯಾ, ಹೊಸದೇನಾದರೂ ಇದೆಯಾ? ಎದೆ ಹಿಂಡಿದ ಹಾಗೆ ನೋವು? ಕೈಗೋ ದವಡೆಗೋ ಹಬ್ಬುತ್ತಿದೆಯಾ?

ಅಶ್ವಿನಿ: ಇಲ್ಲ. ಅದೇ ಥರ. ಕೈ ಜುಮ್ ಅಂತಿದೆ. ತುಟಿನೂ

ದೀಪಾ: ಸರಿ. ಬೇರೆ ಥರ ಅನ್ನಿಸಿದರೆ ತಕ್ಷಣ ಹೇಳು. ಅಲ್ಲಿರೋ ಸೆಕ್ಯುರಿಟಿಯವರನ್ನು ಕರೆದು 108ಕ್ಕೆ ಫೋನ್ ಮಾಡಿಸೋಣ.
ದೀಪಾ: ಜುಮ್ ಅನ್ನೋದು ಜೋರಾಗಿ ಉಸಿರು ಎಳೆಯೋದಕ್ಕೆ. ಉಸಿರು ನಿಧಾನ ಆದರೆ ಅದೂ ಹೋಗುತ್ತೆ.
ದೀಪಾ: ಸಮಾಧಾನ ಮಾಡ್ಕೋ ಅಂತ ಹೇಳಲ್ಲ. ಅದನ್ನ ಕೇಳಿದರೆ ಜಾಸ್ತಿ ಆಗುತ್ತೆ ಅಂತ ನೀನೇ ಅಂದಿದ್ದೆ.
ದೀಪಾ: ಸುಮ್ನೆ ನಾನು ಹೇಳಿದ್ದು ಮಾಡ್ತಾ ಹೋಗು.

9:16

ದೀಪಾ: ಮೂಗಿಂದ ಒಳಗೆ. 1, 2, 3, 4.
ದೀಪಾ: ಬಾಯಿಂದ ಹೊರಗೆ. 1, 2, 3, 4, 5, 6.

ಅಶ್ವಿನಿ: ಆಗ್ತಿಲ್ಲ. ಎಣಿಸೋಕೆ ಹೋದ್ರೆ ಇನ್ನೂ ಗಾಬರಿ

ದೀಪಾ: ಎಣಿಕೆ ಬಿಡು. ಕಾಫಿ ಬಿಸಿ ಇದೆ ಅಂದುಕೊಂಡು ಮೆಲ್ಲಗೆ ಊದು. ಅಷ್ಟೇ.
ದೀಪಾ: ಒಳಗೆ ಎಳೆಯೋ ಯೋಚನೆ ಬೇಡ. ಅದು ತಾನೇ ಬರುತ್ತೆ.
ದೀಪಾ: ಊದು.
ದೀಪಾ: ಇನ್ನೊಂದು ಸಲ.
ದೀಪಾ: ಹೂಂ. ಇನ್ನೊಂದು.

ಅಶ್ವಿನಿ: ಹೋಗ್ಬೇಡ

ದೀಪಾ: ಎಲ್ಲೂ ಹೋಗಲ್ಲ ಮಾರಾಯ್ತಿ. ನೀನು ರಿಪ್ಲೈ ಮಾಡದಿದ್ದರೂ ಬರೀತಾ ಇರ್ತೇನೆ.

9:19

ದೀಪಾ: ಬ್ಯಾಗಲ್ಲಿ ಕೀ ಗೊಂಚಲು ಇದೆ ಅಲ್ವಾ? ತೆಗೆದು ಮುಷ್ಟಿಯಲ್ಲಿ ಹಿಡಿದುಕೋ.
ದೀಪಾ: ತಣ್ಣಗಿದೆಯಾ?

ಅಶ್ವಿನಿ: ಹೂಂ
ಅಶ್ವಿನಿ: ಗಣಪತಿ ಕೀಚೈನ್ ಸೊಂಡಿಲು ಮುರಿದಿದೆ

ದೀಪಾ: ಮುರಿದ ಕಡೆ ಬೆರಳಿಟ್ಟು ನೋಡು. ಚೂಪಾಗಿದೆಯಾ, ನುಣುಪಾಗಿದೆಯಾ?

ಅಶ್ವಿನಿ: ನುಣುಪು. ಹಳೇದು

ದೀಪಾ: ಕಾಲು ಎರಡೂ ನೆಲಕ್ಕೆ ಒತ್ತು. ಬೆನ್ನು ಗೋಡೆಗೆ.
ದೀಪಾ: ಅಲ್ಲಿಂದ ಜಯನಗರಕ್ಕೆ ಯಾವ ಯಾವ ಸ್ಟೇಷನ್? ದಿನಾ ಹೋಗ್ತೀಯ, ನನಗೆ ಹೇಳು. ಅರ್ಜೆಂಟ್ ಇಲ್ಲ.

ಅಶ್ವಿನಿ: ಚಿಕ್ಕಪೇಟೆ
ಅಶ್ವಿನಿ: ಮಾರ್ಕೆಟ್
ಅಶ್ವಿನಿ: ನ್ಯಾಷನಲ್ ಕಾಲೇಜು

ದೀಪಾ: ಆಮೇಲೆ?

ಅಶ್ವಿನಿ: ಲಾಲ್‌ಬಾಗ್. ಸೌತ್ ಎಂಡ್. ಜಯನಗರ

9:24

ದೀಪಾ: ಈಗ ಹೇಗಿದೆ? 10ಕ್ಕೆ ಎಷ್ಟು?

ಅಶ್ವಿನಿ: 7. ಮೊದಲು 10 ಇತ್ತು
ಅಶ್ವಿನಿ: ಮತ್ತೆ ಜೋರಾದ್ರೆ?

ದೀಪಾ: ಆಗಬಹುದು. ಮಧ್ಯೆ ಒಂದೆರಡು ಸಲ ಏರುತ್ತೆ, ಮತ್ತೆ ಇಳಿಯುತ್ತೆ. ಅದರ ಜೊತೆ ಜಗಳ ಬೇಡ. ಬಂದರೆ ಊದು, ನನಗೆ ಬರಿ.
ದೀಪಾ: ಸಾಮಾನ್ಯವಾಗಿ 10 ನಿಮಿಷದ ಒಳಗೆ ಜೋರಿನ ತುದಿ ಮುಟ್ಟಿಬಿಡುತ್ತೆ. ನಿನಗೆ 12 ಆಯ್ತು.

ಅಶ್ವಿನಿ: ಒಬ್ಬರು ಆಂಟಿ ನೀರು ಕೊಟ್ಟರು. ಏನಾಯ್ತಮ್ಮ ಅಂತ ಕೇಳ್ತಿದ್ದಾರೆ

ದೀಪಾ: ಸ್ವಲ್ಪ ಸ್ವಲ್ಪ ಕುಡಿ. "ಸ್ವಲ್ಪ ಸುಸ್ತು ಆಂಟಿ, ಫ್ರೆಂಡ್ ಜೊತೆ ಮಾತಾಡ್ತಿದ್ದೀನಿ" ಅನ್ನು. ಸಾಕು.

9:31

ಅಶ್ವಿನಿ: 4
ಅಶ್ವಿನಿ: ಕೈ ನಡುಗ್ತಿದೆ. ಅಳು ಬರ್ತಿದೆ ಸುಮ್ಸುಮ್ನೆ

ದೀಪಾ: ಅತ್ತುಬಿಡು. ಇಷ್ಟಾದ ಮೇಲೆ ನಡುಕ, ಸುಸ್ತು ಎಲ್ಲ ಇರುತ್ತೆ.
ದೀಪಾ: ಬೆಳಿಗ್ಗೆ ಏನು ತಿಂದೆ?

ಅಶ್ವಿನಿ: ಎರಡು ಲೋಟ ಕಾಫಿ

ದೀಪಾ: ತಿಂಡಿ?

ಅಶ್ವಿನಿ: ಅದೇ

ದೀಪಾ: ಬೈಯೋಕೆ ಇವತ್ತು ರಜೆ. ನಾಳೆ ಬೈತೇನೆ.

ಅಶ್ವಿನಿ: 😐

9:38

ಅಶ್ವಿನಿ: ಮ್ಯಾನೇಜರ್‌ಗೆ ಏನು ಹೇಳ್ಲಿ? 10ಕ್ಕೆ ಮೀಟಿಂಗ್

ದೀಪಾ: "ಹುಷಾರಿಲ್ಲ, 11ಕ್ಕೆ ಬರ್ತೇನೆ" ಅಂತ ಒಂದು ಸಾಲು ಹಾಕು. ಕಾರಣ ಬಿಡಿಸಿ ಹೇಳಬೇಕಾಗಿಲ್ಲ.
ದೀಪಾ: ಈಗ ಎರಡು ದಾರಿ ಇದೆ. ಮೇಲೆ ಹೋಗಿ ಆಟೋ ಹಿಡಿ, ಇಲ್ಲಾ ಜನ ಕಮ್ಮಿಯಾದ ಮೇಲೆ ಮೆಟ್ರೋದಲ್ಲೇ ಹೋಗು. ಯಾವುದಾದರೂ ಸರಿ.

ಅಶ್ವಿನಿ: ಆಟೋ ಹತ್ತಿದ್ರೆ ನಾಳೆ ಇಲ್ಲಿಗೆ ಬರೋಕೇ ಭಯ ಆಗುತ್ತೆ ಅನ್ಸತ್ತೆ
ಅಶ್ವಿನಿ: ಮೆಟ್ರೋ. ಆದ್ರೆ ಇನ್ನೆರಡು ಟ್ರೇನ್ ಬಿಡ್ತೀನಿ

ದೀಪಾ: ಆರಾಮಾಗಿ. ನಾಲ್ಕು ಬಿಟ್ಟರೂ ಸರಿ. ಬಾಗಿಲ ಹತ್ತಿರ ನಿಂತುಕೋ. ಬೇಡ ಅನ್ನಿಸಿದರೆ ಚಿಕ್ಕಪೇಟೆಯಲ್ಲೇ ಇಳಿದುಬಿಡು.

9:52

ಅಶ್ವಿನಿ: ಹತ್ತಿದೆ. ಸೀಟ್ ಸಿಕ್ತು

ದೀಪಾ: ಒಳ್ಳೇದಾಯ್ತು.
ದೀಪಾ: ಸಂಜೆ ಫೋನ್ ಮಾಡ್ತೇನೆ. ಡಾಕ್ಟರ್ ಇಸಿಜಿ ನೋಡಿ ಹಾರ್ಟ್ ಚೆನ್ನಾಗಿದೆ ಅಂದರು, ಕೌನ್ಸೆಲಿಂಗ್‌ಗೆ ಹೋಗು ಅಂತಲೂ ಅಂದರು. ನೀನು ಅರ್ಧ ಮಾತ್ರ ಕೇಳಿಸಿಕೊಂಡೆ. ಇಬ್ಬರೂ ಕೂತು ಅಪಾಯಿಂಟ್‌ಮೆಂಟ್ ತಗೊಳ್ಳೋಣ.

ಅಶ್ವಿನಿ: ಹೂಂ. ಈ ಸಲ ಹೋಗ್ತೀನಿ

ದೀಪಾ: ಒಂದು ನಂಬರ್ ಸೇವ್ ಮಾಡಿಕೋ. 14416, ಟೆಲಿ ಮಾನಸ್. ಮನಸ್ಸಿನ ತೊಂದರೆಗೆ ಇರೋ ಹೆಲ್ಪ್‌ಲೈನ್. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತೆ. ನಾನು ನಿದ್ದೆಯಲ್ಲಿ ಫೋನ್ ಎತ್ತದಿದ್ದರೆ ಬೇಕಾಗುತ್ತೆ. ನನ್ನ ನಿದ್ದೆ ನಿನಗೆ ಗೊತ್ತಲ್ಲ.

ಅಶ್ವಿನಿ: ಗೊತ್ತು. ಹಾಸ್ಟೆಲ್ಲೇ ಬಿದ್ದರೂ ಏಳಲ್ಲ
ಅಶ್ವಿನಿ: ಸೌತ್ ಎಂಡ್ ಬಂತು

ದೀಪಾ: ಇಳಿದ ತಕ್ಷಣ ಆಫೀಸ್ ಬೇಡ. ಮೊದಲು ಎರಡು ಇಡ್ಲಿ. ಪ್ಲೇಟಿನ ಫೋಟೋ ಕಳಿಸು, ಬಾಯಿಮಾತು ನಂಬಲ್ಲ.